ದಂಡದ ಸಂದೇಶವೂ ಅದರ ಬಾಲದಲ್ಲಿರುವ ವಿಳಾಸವೂ

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ಟೋಲ್ ನಾಕಾದಲ್ಲಿ ಈಗ ಕಿಟಕಿಯಿಂದ ಕೈ ಚಾಚಿ ಹಣ ಪಡೆಯುವವನಿಗೆ ಹೆಚ್ಚು ಕೆಲಸವಿಲ್ಲ. ವಾಹನದ ಗಾಜಿಗೆ ಅಂಟಿಸಿದ ಪಟ್ಟಿಯನ್ನು ಯಂತ್ರವು ಓದುತ್ತದೆ, ಅಡ್ಡಗಂಬ ಮೇಲೇಳುತ್ತದೆ, ಹಣವು ತಾನಾಗಿಯೇ ಕಳೆಯುತ್ತದೆ. ದಂಡದ ವಿಷಯವೂ ಹಾಗೆಯೇ. ನಗರದ ಕಂಬದ ಮೇಲಿನ ಕ್ಯಾಮೆರಾ ಚಿತ್ರ ತೆಗೆಯುತ್ತದೆ, ಚಲನ್ ಹುಟ್ಟುತ್ತದೆ, ಅದರ ಸುದ್ದಿ ಫೋನಿಗೆ ಬರುತ್ತದೆ. ಇದರಿಂದ ರಸ್ತೆಯಲ್ಲಿ ನಿಂತು ವಾದಿಸುವ ಕಷ್ಟ ತಪ್ಪಿತೆಂಬುದು ನಿಜ. ಆದರೆ ಹಣ ಕೊಡತಕ್ಕವನು ಕೇಳತಕ್ಕವನ ಮುಖವನ್ನು ನೋಡುವ ಸಂದರ್ಭವೂ ಅದರೊಡನೆ ತಪ್ಪಿಹೋಯಿತು. ವಂಚಕನಿಗೆ ಬೇಕಾದುದು ಈ ಒಂದು ತೆರವು ಮಾತ್ರ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೂಡಲಗಿಯ ಕಬ್ಬಿನ ಬೆಳೆಗಾರನೊಬ್ಬನಿಗೆ ಗೋಕಾಕ ಸಾರಿಗೆ ಕಚೇರಿಯ ಕೆಎ-49 ಸಂಖ್ಯೆಯ ಬೈಕಿದೆ. ಒಂದು ಸಂಜೆ ಅವನ ವಾಟ್ಸಾಪಿಗೆ ಸಂದೇಶವೊಂದು ಬರುತ್ತದೆ: ನಿಮ್ಮ ವಾಹನವು ಸಿಗ್ನಲ್ ಉಲ್ಲಂಘಿಸಿದೆ, ದಂಡ 1000 ರೂಪಾಯಿ, ಇಂದು ರಾತ್ರಿಯೊಳಗೆ ಕಟ್ಟದಿದ್ದರೆ ಪರವಾನಗಿ ರದ್ದಾಗುವುದು, ವಿವರಕ್ಕೆ ಕೆಳಗಿನದನ್ನು ಒತ್ತಿರಿ. ಮೇಲುಗಡೆ ಸಾರಿಗೆ ಇಲಾಖೆಯ ಲಾಂಛನವಿದೆ. ಬೈಕಿನ ಸಂಖ್ಯೆಯೂ ಸರಿಯಾಗಿದೆ. ಸಂಖ್ಯೆ ಸರಿಯಿರುವುದರಿಂದಲೇ ಅವನು ನಂಬುತ್ತಾನೆ. ವಾಹನದ ಸಂಖ್ಯೆಯಾದರೋ ಹಿಂದೆಯೂ ಮುಂದೆಯೂ ಬರೆದುಕೊಂಡು ಊರೆಲ್ಲ ತಿರುಗುವ ವಸ್ತು. ಅದು ಗುಟ್ಟಲ್ಲವಾದ್ದರಿಂದ ಅದನ್ನು ಬಲ್ಲವನು ಇಲಾಖೆಯವನೇ ಆಗಿರಬೇಕೆಂದಿಲ್ಲ.

ಅವನು ಒತ್ತಿದಾಗ ತೆರೆಯುವುದು ಎರಡರಲ್ಲಿ ಒಂದು. ಕೆಲವು ಸಲ ಸರಕಾರದ ಪುಟದಂತೆಯೇ ಕಾಣುವ ನಕಲಿ ಪುಟ ತೆರೆದು ಕಾರ್ಡಿನ ಅಂಕಿಗಳನ್ನು ಕೇಳುತ್ತದೆ. ಇದಕ್ಕಿಂತ ಕೆಟ್ಟದ್ದು ಎರಡನೆಯ ಬಗೆ. ಅಲ್ಲಿ ಪುಟದ ಬದಲು ಒಂದು ಕಡತ ಫೋನಿಗೆ ಇಳಿಯುತ್ತದೆ. ಅದರ ಹೆಸರಿನ ಕೊನೆಗೆ .apk ಎಂದಿರುತ್ತದೆ. ಇದು ಚಿತ್ರವೂ ಅಲ್ಲ, ರಸೀದಿಯೂ ಅಲ್ಲ, ಆಂಡ್ರಾಯ್ಡ್ ಫೋನಿನಲ್ಲಿ ನೆಲೆಗೊಳ್ಳುವ ಒಂದು ಕಾರ್ಯಕ್ರಮ. ಅದನ್ನು ಸ್ಥಾಪಿಸುವಾಗ ಫೋನು ಎಚ್ಚರಿಕೆ ಕೊಡುತ್ತದೆ, ಗೊತ್ತಿಲ್ಲದ ಮೂಲದಿಂದ ಬಂದದ್ದೆಂದು ತಿಳಿಸುತ್ತದೆ. ದಂಡದ ಭಯದಲ್ಲಿರುವವನು ‘ಆಗಲಿ’ ಎಂದು ಒತ್ತಿಬಿಡುತ್ತಾನೆ. ಬಳಿಕ ಅದು ಸಂದೇಶಗಳನ್ನು ಓದಲು ಅನುಮತಿ ಕೇಳುತ್ತದೆ.

ಈ ಅನುಮತಿಯಲ್ಲೇ ವಂಚನೆಯ ಮರ್ಮವಿದೆ. ನಮ್ಮ ಬ್ಯಾಂಕುಗಳು ಹಣ ಕಳುಹಿಸುವ ಮುನ್ನ ಫೋನಿಗೆ ಕೆಲವು ಅಂಕಿಗಳ ಓಟಿಪಿ ಕಳುಹಿಸುತ್ತವೆ. ಆ ಅಂಕಿಗಳನ್ನು ಹೇಳಬಲ್ಲವನೇ ಖಾತೆದಾರನೆಂಬುದು ಅವುಗಳ ನಂಬಿಕೆ. ಫೋನಿನೊಳಗೆ ಕುಳಿತ ಕಾರ್ಯಕ್ರಮವು ಆ ಸಂದೇಶವನ್ನು ಓದಿ ದೂರದಲ್ಲಿರುವ ಒಡೆಯನಿಗೆ ರವಾನಿಸುತ್ತದೆ. ಬೆಳೆಗಾರನು ಯಾರಿಗೂ ಓಟಿಪಿ ಹೇಳಲಿಲ್ಲ, ಆದರೂ ಅದು ಹೋಯಿತು. “ಓಟಿಪಿಯನ್ನು ಯಾರಿಗೂ ಹೇಳಬೇಡಿ” ಎಂದು ವರ್ಷಗಟ್ಟಲೆ ಸಾರಿದ ಉಪದೇಶವು ಇಲ್ಲಿ ಕೆಲಸಕ್ಕೆ ಬಾರದು.

ಇದು ಕೇವಲ ಊಹೆಯಲ್ಲ. 2024ರಲ್ಲಿ ಕ್ಲೌಡ್‌ಸೆಕ್ ಎಂಬ ಭದ್ರತಾ ಸಂಸ್ಥೆಯು ವಾಟ್ಸಾಪಿನ ಮೂಲಕ ನಕಲಿ ಚಲನ್ ಹಂಚುತ್ತಿದ್ದ ಇಂತಹದೇ ಒಂದು ತಂಡವನ್ನು ಬೆಳಕಿಗೆ ತಂದಿತು. ತಂಡದ ಮೂಲ ವಿಯೆಟ್ನಾಮಿನಲ್ಲಿದ್ದಿತು. ಬಲಿಯಾದವರಲ್ಲಿ ಗುಜರಾತಿನವರು ಮೊದಲಿಗರು, ಕರ್ನಾಟಕದವರು ಅವರ ನಂತರದವರು. ಆ ಕಾರ್ಯಕ್ರಮವು ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನೂ ಕದಿಯುತ್ತಿದ್ದಿತು. ಒಬ್ಬರ ಫೋನು ವಂಚಕರ ವಶವಾದ ಮೇಲೆ ಅವರ ಪರಿಚಿತರಿಗೆಲ್ಲ ಅದೇ ಕಡತ ಹೋಗುವುದು ಇಂತಹ ವಂಚನೆಗಳ ಸಾಮಾನ್ಯ ಲಕ್ಷಣ. ಆದಕಾರಣ ಸಂದೇಶವು ನಮ್ಮ ಊರಿನವರಿಂದಲೇ, ಸ್ವಂತ ಸೋದರಮಾವನಿಂದಲೇ ಬಂದಿತೆಂಬುದು ಅದರ ಪ್ರಾಮಾಣಿಕತೆಗೆ ಸಾಕ್ಷಿಯಾಗಲಾರದು.

ಹಾಗಾದರೆ ನಿಜವಾದ ದಂಡವನ್ನು ಗುರುತಿಸುವ ಬಗೆ ಹೇಗೆ? ಇದಕ್ಕೆ ಜಾಲದ ವಿಳಾಸವನ್ನು ಓದುವ ಕ್ರಮವನ್ನು ತಿಳಿದಿರಬೇಕು. ಅದು ನಮ್ಮ ಅಂಚೆಯ ವಿಳಾಸವನ್ನು ಬಹಳ ಹೋಲುತ್ತದೆ. ಲಕೋಟೆಯ ಮೇಲೆ ಮೊದಲು ಹೆಸರು, ಆಮೇಲೆ ಓಣಿ, ಊರು, ತಾಲ್ಲೂಕು, ಜಿಲ್ಲೆ ಎಂದು ಬರೆಯುತ್ತೇವೆ. ಆದರೆ ದೂರದ ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಬೇರ್ಪಡಿಸುವವನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಾನೆ. ಅವನಿಗೆ ಬೇಕಾದುದು ಬೆಳಗಾವಿ ಜಿಲ್ಲೆ, ಹೆಸರಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬಾತನು ರೂಪಿಸಿದ ಜಾಲನಾಮ ಪದ್ಧತಿಯಲ್ಲೂ ಅಧಿಕಾರವು ಬಲದಿಂದ ಎಡಕ್ಕೆ ಇಳಿದು ಬರುತ್ತದೆ. ಭಾರತ ಸರಕಾರದ ಚಲನ್ ಪುಟದ ವಿಳಾಸ ಹೀಗಿದೆ:

```
echallan.parivahan.gov.in
```

ಇದರಲ್ಲಿ ಕೊನೆಯ in ಎಂಬುದು ದೇಶ. ಅದರ ಎಡಕ್ಕಿರುವ gov ಸರಕಾರದ ಗುರುತು. ಈ gov.in ಎಂಬ ನೆಲದಲ್ಲಿ ಸರಕಾರದ ಸಂಸ್ಥೆಗಳ ಹೊರತು ಬೇರೆಯವರಿಗೆ ಜಾಗವಿಲ್ಲ. ಬರಿಯ in ನ ಅಡಿಯಲ್ಲಾದರೋ ಯಾರು ಬೇಕಾದರೂ ಹಣ ತೆತ್ತು ಹೆಸರೊಂದನ್ನು ಪಡೆಯಬಹುದು. ಆದುದರಿಂದ ‘ಪರಿವಾಹನ’ ಎಂಬ ಶಬ್ದವನ್ನು ವಿಳಾಸದಲ್ಲಿ ಕಂಡು ಸಮಾಧಾನಪಟ್ಟುಕೊಳ್ಳಬಾರದು. ಆರಂಭದ https:// ಅನ್ನು ಬಿಟ್ಟು, ಮೊದಲನೆಯ ಓರೆಗೆರೆಯ ತನಕ ಮಾತ್ರ ನೋಡಿ, ಆ ಗೆರೆಗೆ ಅಂಟಿಕೊಂಡು ಎಡಕ್ಕೆ, ಆರಂಭದ ಚುಕ್ಕೆಯೂ ಸೇರಿ, .gov.in ಇದೆಯೇ ಎಂದು ಪರೀಕ್ಷಿಸಬೇಕು. ಕಲ್ಪಿತವಾದ ಈ ಎರಡು ವಿಳಾಸಗಳನ್ನು ನೋಡಿರಿ:

```
parivahan.gov.in.pay-fine.example/ka49
parivahan-gov-in.example/challan
```

ಎರಡರಲ್ಲೂ ಸರಕಾರದ ಹೆಸರಿದೆ, ಸರಕಾರ ಮಾತ್ರ ಇಲ್ಲ. ಮೊದಲನೆಯದರಲ್ಲಿ gov.in ನಡುವೆ ಸಿಕ್ಕಿಕೊಂಡಿದೆ, ಅದರ ಒಡೆಯನು ಬಲತುದಿಯಲ್ಲಿರುವವನು. ಎರಡನೆಯದರಲ್ಲಿ ಚುಕ್ಕೆಯ ಜಾಗದಲ್ಲಿ ಅಡ್ಡಗೆರೆಯಿದೆ. ವಿಳಾಸದ ಬದಿಯಲ್ಲಿ ಕಾಣುವ ಬೀಗದ ಚಿತ್ರವನ್ನು ನೆಚ್ಚುವವರೂ ಇದ್ದಾರೆ. ದಾರಿಯಲ್ಲಿ ಮಾತನ್ನು ಮೂರನೆಯವನು ಕದ್ದು ಕೇಳಲಾರನೆಂದಷ್ಟೇ ಬೀಗವು ಹೇಳುತ್ತದೆ. ಆ ತುದಿಯಲ್ಲಿರುವವನು ಸಾಧುವೋ ಕಳ್ಳನೋ ಎಂಬ ಗೊಡವೆ ಅದಕ್ಕಿಲ್ಲ.

ಇಷ್ಟಾದರೂ, ಬಂದ ವಿಳಾಸವನ್ನು ಪರೀಕ್ಷಿಸುವ ಗೋಜಿಗೇ ಹೋಗದಿರುವುದು ಉತ್ತಮವೆಂದು ನನ್ನ ಅಭಿಪ್ರಾಯ. ನಮ್ಮ ಬೆಳೆಗಾರನು ಸಂದೇಶವನ್ನು ಬದಿಗಿಟ್ಟು, ಫೋನಿನಲ್ಲಿ ಮೇಲಿನ ಸರಕಾರಿ ವಿಳಾಸವನ್ನು ತನ್ನ ಕೈಯಿಂದಲೇ ಬರೆದು ತೆರೆಯಲಿ. ಅಲ್ಲಿ ಚಲನ್ ಸಂಖ್ಯೆ, ವಾಹನ ಸಂಖ್ಯೆ, ಪರವಾನಗಿ ಸಂಖ್ಯೆ ಎಂಬ ಮೂರು ಬಾಗಿಲುಗಳಿವೆ. ವಾಹನ ಸಂಖ್ಯೆಯನ್ನು ಆರಿಸಿದರೆ, ಅದರ ಜೊತೆಗೆ ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಐದು ಅಕ್ಷರಗಳನ್ನು ಕೇಳುತ್ತದೆ. ಇವು ಆರ್.ಸಿ.ಯಲ್ಲಿ ಅಚ್ಚಾಗಿವೆ. ವಾಹನ ಸಂಖ್ಯೆಯನ್ನು ಬೀದಿಯಲ್ಲಿ ಹೋಗುವವರೆಲ್ಲ ಬಲ್ಲರು, ಚಾಸಿಯದನ್ನು ಒಡೆಯನು ಬಲ್ಲನು. ನಿಜವಾದ ಪುಟವು ಇದನ್ನು ಕೇಳುವುದರ ಅರ್ಥ ಇಷ್ಟೇ. ಬಾಕಿಯಿದ್ದರೆ ಯಾವ ಊರಿನಲ್ಲಿ, ಯಾವ ದಿನ, ಯಾವ ತಪ್ಪಿಗೆ ಎಂಬ ವಿವರ ಕಾಣುವುದು. ಬೆಂಗಳೂರಿನ ವೃತ್ತವೊಂದರ ಹೆಸರಿದ್ದು, ಆ ದಿನ ಬೈಕು ಮೂಡಲಗಿಯ ಅಂಗಳದಲ್ಲೇ ನಿಂತಿದ್ದರೆ, ಸಂಖ್ಯೆಯನ್ನು ಯಂತ್ರವು ತಪ್ಪಾಗಿ ಓದಿರಲೂಬಹುದು. ಆಗ ಹಣ ಕಟ್ಟುವುದಲ್ಲ, ತಕರಾರು ಸಲ್ಲಿಸುವುದು ಸರಿ.

ಈ ಪರೀಕ್ಷೆಗೂ ಒಂದು ಮಿತಿಯುಂಟು. ನಮ್ಮ ರಾಜ್ಯದ ನಗರ ಪೊಲೀಸರ ದಂಡಗಳು ಕರ್ನಾಟಕ ಒನ್ ಪುಟದಲ್ಲಿಯೂ ದೊರೆಯುತ್ತವೆ. ಅದರ ವಿಳಾಸ karnatakaone.gov.in. ಒಂದು ಪುಸ್ತಕದಲ್ಲಿ ಬರೆದದ್ದು ಇನ್ನೊಂದರಲ್ಲಿ ಕೂಡಲೇ ಕಾಣಲೇಬೇಕೆಂದಿಲ್ಲ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳಿಗೆ ವಾಹನ ಕಳುಹಿಸುವವರು ಎರಡನ್ನೂ ನೋಡುವುದು ಒಳ್ಳೆಯದು. ಫೋನಿನ ಸಹವಾಸವೇ ಬೇಡವೆನ್ನುವವರು ಆರ್.ಸಿ. ಹಿಡಿದು ಸಂಚಾರ ಪೊಲೀಸ್ ಠಾಣೆಗೆ ಹೋಗಿ ಕೇಳಿ, ಅಲ್ಲಿಯೇ ಕಟ್ಟಿ ರಸೀದಿ ಪಡೆಯಬಹುದು. ರಾತ್ರಿ ಹನ್ನೆರಡರ ಗಡುವೆಂಬುದು ನಿಜವಾದ ಚಲನ್ನಿಗಿಲ್ಲ. ಕಟ್ಟದೆ ಬಿಟ್ಟ ದಂಡವು ಕಾಲಾಂತರದಲ್ಲಿ ನ್ಯಾಯಾಲಯಕ್ಕೆ ಹೋಗುತ್ತದೆ, ಗಂಟೆಗಳ ಲೆಕ್ಕದಲ್ಲಿ ಯಾರ ಪರವಾನಗಿಯೂ ಹಾರಿಹೋಗುವುದಿಲ್ಲ.

ಟೋಲಿನ ಸಂದೇಶದ ಬಗೆಗೆ ಹೆಚ್ಚು ಬರೆಯಬೇಕಾಗಿಲ್ಲ. ಫಾಸ್ಟ್‌ಟ್ಯಾಗ್ ಪಟ್ಟಿಯೊಳಗೆ ಹಣವೂ ಇಲ್ಲ, ವಿದ್ಯುತ್ಕೋಶವೂ ಇಲ್ಲ. ನಾಕಾದ ಯಂತ್ರ ಬೀರುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ಗುರುತಿನ ಸಂಖ್ಯೆಯನ್ನು ಅದು ಹೇಳುತ್ತದೆ. ಕೈಗಡಿಯಾರದಿಂದ ಪಟ್ಟಿಯನ್ನು ಮುಟ್ಟಿ ಹಣ ಕದಿಯುವ ಹುಡುಗರ ಚಲಚ್ಚಿತ್ರವೊಂದು 2022ರಲ್ಲಿ ಎಲ್ಲೆಡೆ ಹರಡಿದ್ದುದನ್ನು ವಾಚಕರು ನೋಡಿರಬಹುದು. ಅದು ಸುಳ್ಳೆಂದು ರಾಷ್ಟ್ರೀಯ ಪಾವತಿ ನಿಗಮವು ಆಗಲೇ ತಿಳಿಸಿತು. ಹಣವಿರುವುದು ಪಟ್ಟಿ ಕೊಟ್ಟ ಬ್ಯಾಂಕಿನಲ್ಲಿ. ಆದುದರಿಂದ ‘ನಿಮ್ಮ ಪಟ್ಟಿ ನಿಂತುಹೋಗುವುದು, ಈಗಲೇ ತುಂಬಿ’ ಎಂಬ ಸಂದೇಶ ಬಂದಾಗ ಆ ಬ್ಯಾಂಕಿನ ಆ್ಯಪನ್ನೇ ತೆರೆದು ಶಿಲ್ಕು ನೋಡಬೇಕು. ಸಂದೇಹವಿದ್ದರೆ ಹೆದ್ದಾರಿ ಸಹಾಯವಾಣಿ 1033 ಇದೆ.

ಇಲ್ಲಿ ಇಲಾಖೆಗಳ ಮೇಲೆಯೂ ನನ್ನದೊಂದು ಆಕ್ಷೇಪವಿದೆ. ಗೊತ್ತಿಲ್ಲದ ಕೊಂಡಿಯನ್ನು ಒತ್ತಬೇಡಿರೆಂದು ಜನರಿಗೆ ಹೇಳುವ ಸರಕಾರವೇ ತನ್ನ ಸಂದೇಶಗಳಲ್ಲಿ ಕೊಂಡಿಯನ್ನಿಟ್ಟು ಕಳುಹಿಸುತ್ತದೆ. ಸಾಚಾ ಸಂದೇಶದಲ್ಲೂ ಕೊಂಡಿ, ಖೋಟಾ ಸಂದೇಶದಲ್ಲೂ ಕೊಂಡಿ ಎಂದಾದರೆ, ಹೊಲದ ಬದುವಿನಲ್ಲಿ ನಿಂತು ಫೋನು ನೋಡುವವನು ಯಾವುದನ್ನು ಬಿಡಬೇಕು? ಚಲನ್ ಸಂಖ್ಯೆ, ದಿನಾಂಕ, ಮೊತ್ತಗಳನ್ನಷ್ಟೇ ತಿಳಿಸಿ ಕೊಂಡಿಯನ್ನು ಪೂರ್ತಿಯಾಗಿ ಕೈಬಿಟ್ಟರೆ, ಕೊಂಡಿಯಿರುವುದೆಲ್ಲ ಖೋಟಾ ಎಂಬ ಒಂದೇ ನಿಯಮ ಸಾಕಾಗುತ್ತದೆ. 2025ರ ಮೇ ತಿಂಗಳಿನಿಂದ ಸರಕಾರದ ಎಸ್ಸೆಮ್ಮೆಸ್ಸುಗಳ ಕಳುಹಿಸುವವರ ಹೆಸರಿನ ಕೊನೆಗೆ -G ಎಂಬ ಗುರುತನ್ನು ಸೇರಿಸಿರುವುದು ಮೆಚ್ಚತಕ್ಕದ್ದೇ. ಆದರೆ ವಾಟ್ಸಾಪಿನಲ್ಲಿ ಆ ಗುರುತಿಗೆ ಸ್ಥಳವಿಲ್ಲ, ವಂಚನೆ ನಡೆಯುತ್ತಿರುವುದು ಹೆಚ್ಚಾಗಿ ಅಲ್ಲಿಯೇ.

ಕಡತವನ್ನು ಈಗಾಗಲೇ ಸ್ಥಾಪಿಸಿಬಿಟ್ಟವರು ಮೊದಲು ಫೋನಿನ ಜಾಲಸಂಪರ್ಕವನ್ನು ಕಡಿಯಬೇಕು, ಸಿಮ್ ತೆಗೆದರೆ ಇನ್ನೂ ಲೇಸು. ಸಂಪರ್ಕವಿಲ್ಲದೆ ಅದು ಓಟಿಪಿಯನ್ನು ಕಳುಹಿಸಲಾರದು. ಬಳಿಕ ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ತಿಳಿಸಬೇಕು. ಹಣವು ವಂಚಕನ ಖಾತೆಯಿಂದ ಮುಂದಕ್ಕೆ ಹರಿದು ಹೋಗುವ ಮುನ್ನ ಅದನ್ನು ತಡೆಹಿಡಿಯಲು ಈ ಸಂಖ್ಯೆ ಇರುವುದರಿಂದ, ಮರುದಿನಕ್ಕಿಂತ ಮೊದಲ ಗಂಟೆಯ ಕರೆಗೆ ಬೆಲೆ ಹೆಚ್ಚು. ಲಿಖಿತ ದೂರಿಗೆ cybercrime.gov.in ಇದೆ. ಆ ಕಾರ್ಯಕ್ರಮವು ತನ್ನ ಚಿಹ್ನೆಯನ್ನು ತೆರೆಯಿಂದ ಅಡಗಿಸಿಕೊಳ್ಳುವುದುಂಟು. ಕಾಣಲಿಲ್ಲವೆಂದ ಮಾತ್ರಕ್ಕೆ ಹೋಯಿತೆಂದಲ್ಲ, ಫೋನನ್ನು ಮೂಲಸ್ಥಿತಿಗೆ ತರಿಸುವುದೇ ಕ್ಷೇಮ.

ಕೊನೆಯದಾಗಿ, ನಮ್ಮ ಮೂರು ತಾಲ್ಲೂಕುಗಳಲ್ಲಿ ಬಳಸಿದ ಬೈಕು, ಟ್ರ್ಯಾಕ್ಟರುಗಳನ್ನು ಕೊಂಡು ಹೆಸರು ಬದಲಾಯಿಸದೆ ಓಡಿಸುವವರು ಹಲವರಿದ್ದಾರೆ. ಅಂಥವರ ವಾಹನದ ದಾಖಲೆಯಲ್ಲಿರುವುದು ಹಳೆಯ ಒಡೆಯನ ಫೋನು. ನಿಜವಾದ ಚಲನ್ನಿನ ಸುದ್ದಿ ಅವನಿಗೆ ಹೋಗುತ್ತದೆ, ಇವರಿಗೆ ಬರುವುದು ಖೋಟಾ ಸಂದೇಶವೊಂದೇ. ಗೋಕಾಕದ ಸಾರಿಗೆ ಕಚೇರಿಯಲ್ಲಿ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಬದಲಾಯಿಸಿಕೊಳ್ಳುವ ತನಕ, ಇಂಥವರ ಫೋನಿಗೆ ಬಂದ ದಂಡದ ಯಾವ ಸಂದೇಶವೂ ಸರಕಾರದ್ದಾಗಿರುವ ಸಂಭವ ತೀರ ಕಡಿಮೆ.