ಹಾಲು ತಂಪ ಮಾಡೋ ಮಶೀನು, ಚೇರ್ಮನ್ ಕಾಕಾರ ಭಾಷಣ

ಐಹೊಳಿ ಮಗ್ಗಲಿನ ನಮ್ಮೂರ ಡೇರಿ ಮೀಟಿಂಗಿನಾಗ ಚೇರ್ಮನ್ ಕಾಕಾರು ಎರಡು ಮಶೀನಿನ ಲೆಕ್ಕಾ ಹೇಳಿದ್ರು. ಬಾಗಲದಾಗ ನಿಂತು ಕೇಳಿದ ಹೆಣ್ಮಕ್ಕಳಿಗೆ ಅರ್ಧಾ ತಿಳೀತು, ಅರ್ಧಾ ಗದ್ದಲದಾಗ ಹೋತು. ಎಮ್ಮಿ ಹಿಂಡೋರು ನಾವು, ಅದಕ್ಕ ಇಲ್ಲೆ ಬಿಡಿಸಿ ಬರ್ಯಾಕತ್ತೀನಿ.

ಒಂದನೇದು ದೊಡ್ಡ ಸ್ಟೀಲಿನ ಟಾಕಿ. ಅದರ ತಳದಾಗs ತಂಪ ಮಾಡೋ ಗ್ಯಾಸಿನ ಕೊಳವಿ ಇರ್ತಾವು. ಹಾಲು ಸುರುವಿ ಬಟನ್ ಒತ್ತಿದ್ರ, ಒಳಗಿನ ರೆಕ್ಕಿ ತಿರುಗಿಸಿಕೋತ ಎರಡ್ಮೂರು ತಾಸಿನ ಮ್ಯಾಲ 4 ಡಿಗ್ರಿಗೆ ಇಳಸ್ತೈತಿ. ಇನ್ನೊಂದು ಐಸಿನ ಮಶೀನು. ಕರೆಂಟ್ ಇದ್ದಾಗ ನೀರಿನ ತೊಟ್ಟ್ಯಾಗ ಐಸ್ ಕಟ್ಟಿ ಇಟ್ಟುಕೊಳ್ತೈತಿ. ನಾವು ಹಾಲು ಹಾಕೋ ಹೊತ್ತಿಗೆ ಆ ಐಸ್‌ನೀರು ತೆಳ್ಳನ ಸ್ಟೀಲಿನ ತಗಡಿನ ಒಂದು ಮಗ್ಗಲಕ್ಕ, ಹಾಲು ಇನ್ನೊಂದು ಮಗ್ಗಲಕ್ಕ ಹರೀತೈತಿ. ಟಾಕಿಗೆ ಬೀಳೂದ್ರಾಗ ಹಾಲು ತಂಪಾಗಿರ್ತೈತಿ.

ಕಾಕಾರು ಐಸಿನ ಮಶೀನs ತಗೊಳ್ಳೋಣು ಅಂದ್ರು. ಮೊದಲನೇದರ ಕಿಮ್ಮತ್ತು ಕಡಿಮಿ, ಕರೆಂಟೂ ಕಡಿಮಿ ತಿಂತೈತಿ, ರಿಪೇರಿನೂ ಸಸಾರ ಅಂತ ಅವರs ಒಪ್ಪಿಕೊಂಡ್ರು. ಹಂಗಿದ್ರೂ ಯಾಕ ಬ್ಯಾಡ ಅಂದದ್ದು? "ಬ್ಯಾಸಗ್ಯಾಗ ಸಂಜೀಕ ಕರೆಂಟ್ ಹೋದ್ರ ಆ ಟಾಕಿ ಬರೇ ದೊಡ್ಡ ಬೋಗಾಣಿ ಆಕೈತಿ, ಜನರೇಟರಿಗೆ ಡೀಸೆಲ್ ಹಾಕೋರು ಯಾರು?" ಅಂದ್ರು. ಐಸಿಂದ್ರಾಗ ತಂಪು ಮೊದಲs ಕೂಡಿಸಿ ಇಟ್ಟಿರ್ತೈತಿ. ನೀರು ತಿರುಗಿಸೋ ಸಣ್ಣ ಪಂಪ್ ನಡದ್ರ ಸಾಕು, ಅದನ್ನ ಇನ್ವರ್ಟರ್ ಎಳೀತೈತಿ.

ಈ ಮಾತು ಖರೇ. ಆದ್ರ ನನಗ ಇದಕಿಂತ ದೊಡ್ಡ ಕಾರಣ ಕಾಣಿಸಿದ್ದು ಇನ್ನೊಂದು. ಅದನ್ನ ಕಾಕಾರು ಒಂದs ಮಾತಿನಾಗ ಹೇಳಿ ಮುಂದ ಹೋದ್ರು.

ನಿನ್ನಿ ಸಂಜಿ ಹಾಲಿನ ಮ್ಯಾಲ ಇವತ್ತಿನ ಮುಂಜಾನಿ ಬಿಸಿ ಹಾಲು ನಾವು ಮನ್ಯಾಗ ಸುರೂತೀವೇನು? ಇಲ್ಲ. ಸುರುವಿದ್ರ ಎರಡೂ ಕೆಡತಾವು. ಮೊದಲನೇ ಟಾಕ್ಯಾಗ ದಿನಾ ಆಗೋದು ಅದs. ಸಂಜೀದು 200 ಲೀಟರ್ ರಾತ್ರಿಯೆಲ್ಲಾ 4 ಡಿಗ್ರ್ಯಾಗ ಇತ್ತು ಅನ್ನರಿ. ಮುಂಜಾನೆ 300 ಲೀಟರ್ ಈಗs ಹಿಂಡಿದ್ದು, 35 ಡಿಗ್ರೀದು, ಅದರ ಮ್ಯಾಲ ಬಿತ್ತು. ಕೂಡಿಸಿ ಭಾಗಿಸಿದ್ರ 22 ದಾಟತೈತಿ. ಎಲ್ಲಾ ಒಮ್ಮೆಲೆ ಬೀಳಂಗಿಲ್ಲ, ಮಶೀನೂ ನಡದಿರ್ತೈತಿ, ಅದಕ್ಕ ಅಷ್ಟು ಏರಲಿಕ್ಕಿಲ್ಲ. ಆದ್ರ ಅದs ಹೊತ್ತಿಗೆ ಕರೆಂಟ್ ಹೋತಂದ್ರ ರಾತ್ರಿಯೆಲ್ಲಾ ಕಾಯ್ದಿಟ್ಟದ್ದು ನೀರಾಗ ಹೋದಂಗ. ಬೆಚ್ಚಗಿನ ಹಾಲಿನಾಗ ಹುಳ ಅರ್ಧ ತಾಸಿಗೊಮ್ಮೆ ಎರಡರಷ್ಟು ಆಗ್ತಾವು. ಐಸಿನ ಮಶೀನಿನಾಗ ಹಾಲು ತಂಪಾಗೇ ಬೀಳ್ತೈತಿ, ಹಳೇ ಹಾಲು ಕದಲಂಗಿಲ್ಲ.

ಈಗ ನನ್ನ ತಕರಾರು. ಮುಂಜಾನಿ 300 ಲೀಟರಿಗೆ ಸುಮಾರು 110 ಕಿಲೊ ಐಸ್ ಕರಗತೈತಿ. ಸಂಜಿ 200 ಲೀಟರಿಗೆ 75 ಕಿಲೊ. ಅಷ್ಟು ಐಸ್ ಮತ್ತ ಕಟ್ಟಾಕ ಒಂದೆರಡು ತಾಸಿನ ಕರೆಂಟ್ ಸಾಲಂಗಿಲ್ಲ. ಇಡೀ ರಾತ್ರಿ ಕರೆಂಟ್ ಇಲ್ಲಾಂದ್ರ ಮುಂಜಾನೆ ಈ ಮಶೀನೂ ಬೋಗಾಣೀನs. ತೊಟ್ಟಿ ಎಷ್ಟು ಕಿಲೊದ್ದು, ಎರಡು ಹೊತ್ತಿಗೆ ಸಾಲೋವಷ್ಟು ಐಸ್ ಕಟ್ತೈತೋ ಇಲ್ಲೋ ಅಂತ ಯಾರೂ ಕೇಳಲಿಲ್ಲ. ನನ್ನ ಕೇಳಿದ್ರ ಕಿಮ್ಮತ್ತಿಗಿಂತ ಮೊದಲ ಅದನ್ನ ಕೇಳಬೇಕು.

ಇನ್ನ ತೊಳ್ಯೋದು. ಟಾಕಿ ಒಳಗ ಕೈ ಹೋಗ್ತೈತಿ, ಬ್ರಶ್ ಹಚ್ಚಿ ತಿಕ್ಕಬಹುದು. ತೆಳ್ಳನ ತಗಡಿನ ಸಂದ್ಯಾಗ ಕೈ ಹೋಗಂಗಿಲ್ಲ. ಎರಡೂ ಹೊತ್ತು ಮೊದಲ ಬೆಚ್ಚಗಿನ ನೀರು, ಆಮ್ಯಾಲ ತೊಳಿಯೋ ಸೋಡಾದ ಬಿಸಿನೀರು ಹರಿಸಬೇಕು. ಬಿಟ್ರ ಬಿಳೇ ಕಲ್ಲಿನಂಗ ಹಾಲಿನ ಪದರ ಕೂಡ್ತೈತಿ, ತಂಪೂ ಆಗಂಗಿಲ್ಲ, ವಾಸನಿನೂ ಹಿಡೀತೈತಿ. ತಗಡು ತೂತು ಬಿತ್ತಂದ್ರ ಇನ್ನೂ ಫಜೀತಿ. ಐಸ್‌ನೀರು ಹಾಲಿನಾಗ ಸೇರಿ ಲ್ಯಾಕ್ಟೋಮೀಟರ್ ಇಳೀತೈತಿ. ಆವಾಗ ನೀರು ಹಾಕ್ಯಾರ ಅಂತ ಮಾತು ಬರೋದು ನಮ್ಮ ಮ್ಯಾಲ! ತೊಟ್ಟ್ಯಾಗಿನ ನೀರು ಬೆಳ್ಳಗಾತು, ಇಲ್ಲಾ ಕಾರಣಿಲ್ಲದ ಕಡಿಮಿ ಆತು ಅಂದ್ರ ಅವತ್ತs ಮಶೀನು ನಿಲ್ಲಿಸಿ ನೋಡಬೇಕು.

ಕಾಕಾರ ಆಯ್ಕೆಗೆ ನನ್ನ ಕೈನೂ ಎತ್ತೀನಿ. ಆದ್ರ ತೊಳ್ಯಾವ್ರ ಪಗಾರ ಮಶೀನಿನ ಖರ್ಚಿನಾಗs ಬರೀರಿ, ಎರಡೂ ಹೊತ್ತು ಹಾಲಿನ ಡಿಗ್ರಿ ಬಾಗಲದ ಹಲಗಿ ಮ್ಯಾಲ ಬರೀರಿ ಅಂತ ಮುಂದಿನ ಮೀಟಿಂಗಿನಾಗ ಕೇಳಾಕಿ. ಅಕ್ಕಾರ, ವೈನ್ಯಾರ, ಅವತ್ತು ಬಾಗಲದಾಗ ನಿಲ್ಲೋದು ಬ್ಯಾಡ, ಒಳಗ ಬಂದು ಕೂಡ್ರಿ.