ಚಿಕ್ಕಮ್ಮನ ಪತ್ರಗಳೂ ಮೊದಲೇ ಒತ್ತಿಟ್ಟ ಗುಂಡಿಯೂ

ಶಿರಾಲಿಯ ನನ್ನ ಚಿಕ್ಕಮ್ಮ ಮುಂಬಯಿಯಲ್ಲಿದ್ದ ಅಮ್ಮನಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳ ಒಂದು ಕಟ್ಟು ನನ್ನ ಬಳಿ ಇದೆ. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ, ನಡುನಡುವೆ ಕನ್ನಡ. ಅವನ್ನಿಟ್ಟುಕೊಂಡು ಕತೆಯೊಂದನ್ನು ಬರೆಯುವ ಆಸೆಯಿಂದ ಹನ್ನೊಂದು ಪತ್ರಗಳನ್ನು ಟೈಪಿಸಿ ಒಂದು ಚಾಟ್‌ಬಾಟ್‌ಗೆ ಕೊಟ್ಟೆ. ಪತ್ರಗಳಲ್ಲಿ ಏನಿತ್ತೆಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅದೇ ತಪ್ಪನ್ನು ಎರಡನೇ ಸಲ ಮಾಡಿದಂತೆ.

ರಜೆಗೆ ಹೋದಾಗ ಚಿಕ್ಕಮ್ಮನಿಗೆ ಹೆಮ್ಮೆಯಿಂದಲೇ ಈ ವಿಷಯ ಹೇಳಿದೆ. "ಅದನ್ನು ಯಾರು ಇಟ್ಟುಕೊಂಡರು?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅಂದು ರಾತ್ರಿಯೇ ಸಂಭಾಷಣೆಯನ್ನು ಅಳಿಸಿ, ಕೆಲಸ ಮುಗಿಯಿತೆಂದು ಮಲಗಿದೆ. ಮುಗಿದಿರಲಿಲ್ಲ.

ನಾವು ಒಂದೇ ಎಂದುಕೊಳ್ಳುವ ಎರಡು ಕೆಲಸಗಳು ಇಲ್ಲಿವೆ. ಇಟ್ಟದ್ದನ್ನು ಅಳಿಸುವುದು ಒಂದು, ತರಬೇತಿಗೆ ಬಳಸಬೇಡಿ ಎನ್ನುವುದು ಇನ್ನೊಂದು. ಹೆಚ್ಚು ಜನ ಬಳಸುವ ಚಾಟ್‌ಜಿಪಿಟಿಯನ್ನೇ ನೋಡಿ. ಅಲ್ಲಿ ಸಂಭಾಷಣೆಯನ್ನು ಅಳಿಸಿದರೆ ಅದು ಪಟ್ಟಿಯಿಂದ ಕೂಡಲೇ ಮಾಯವಾಗುತ್ತದೆ. ಕಂಪನಿಯ ಯಂತ್ರಗಳಿಂದ ಹೋಗಲು 30 ದಿನಗಳವರೆಗೆ ಹಿಡಿಯಬಹುದು. Archive ಒತ್ತಿದರೆ ಅಳಿಯುವುದಿಲ್ಲ, ಬರೀ ಅಟ್ಟಕ್ಕೆ ಹೋಗುತ್ತದೆ. ಮಾತಿನಿಂದ ಹೆಕ್ಕಿ ಇಟ್ಟುಕೊಂಡ Memory ಬೇರೆಯೇ ಕಪಾಟು. ಅದನ್ನು ಪ್ರತ್ಯೇಕವಾಗಿ ತೆರೆದು ಖಾಲಿ ಮಾಡಬೇಕು.

ತರಬೇತಿಯ ಗುಂಡಿ Settings ಒಳಗಿನ Data controls ಎಂಬಲ್ಲಿದೆ. ಅದರ ಹೆಸರು ನೋಡಿ: Improve the model for everyone. ಎಲ್ಲರ ಒಳಿತಿಗಾಗಿ! ಬೇಡವೆನ್ನುವವನು ಸ್ವಾರ್ಥಿ ಎಂಬಂತೆ. ವೈಯಕ್ತಿಕ ಖಾತೆಗಳಲ್ಲಿ ಅದು ಮೊದಲೇ ಒತ್ತಿಟ್ಟಿರುತ್ತದೆ. ನಾವು ಹುಡುಕಿಕೊಂಡು ಹೋಗಿ ಆರಿಸಬೇಕು. ಆರಿಸಿದರೂ ಅದು ಮುಂದಿನ ಮಾತುಗಳಿಗೆ ಮಾತ್ರ ಅನ್ವಯ. ಆರಿಸಿದ ಮೇಲೂ ಯಾವುದಾದರೂ ಉತ್ತರಕ್ಕೆ ಹೆಬ್ಬೆರಳೆತ್ತಿ ಮೆಚ್ಚುಗೆ ಸೂಚಿಸಿದರೆ ಆ ಇಡೀ ಸಂಭಾಷಣೆ ತರಬೇತಿಗೆ ಹೋಗಬಹುದು.

ಹಾಗಾದರೆ ಆಗಲೇ ತರಬೇತಿಗೆ ಬಳಕೆಯಾದ ಪತ್ರದ ಗತಿ? ಮಾದರಿಯೊಳಗೆ ಅದು ಕಡತವಾಗಿ ಕೂತಿರುವುದಿಲ್ಲ, ಕೋಟ್ಯಂತರ ಸಂಖ್ಯೆಗಳನ್ನು ಚೂರು ಚೂರು ಅಲುಗಿಸಿ ಕರಗಿರುತ್ತದೆ. ಸಾರಿಗೆ ಹಾಕಿದ ಉಪ್ಪನ್ನು ಹೆಕ್ಕಿ ತೆಗೆಯುವುದುಂಟೇ? ಆದ್ದರಿಂದ ಗುಂಡಿ ಆರಿಸಬೇಕಾದದ್ದು ಮೊದಲ ಮಾತಿಗೂ ಮುಂಚೆ.

ಅಳಿಸುವ ಮಾತೂ ಯಾವಾಗಲೂ ಕಂಪನಿಯ ಕೈಯಲ್ಲಿರುವುದಿಲ್ಲ. ನ್ಯೂಯಾರ್ಕ್ ಟೈಮ್ಸ್ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಾಲಯ 2025ರ ಮೇ ತಿಂಗಳಲ್ಲಿ, ಬಳಕೆದಾರರು ಅಳಿಸಿದ ಸಂಭಾಷಣೆಗಳನ್ನೂ ಕಾದಿಡಬೇಕೆಂದು ಓಪನ್‌ಎಐಗೆ ಆದೇಶಿಸಿತು. ಆ ಕಟ್ಟುಪಾಡು ಸೆಪ್ಟೆಂಬರ್ ಕೊನೆಯವರೆಗೂ ಇತ್ತು. ಆ ತಿಂಗಳುಗಳಲ್ಲಿ ಎಷ್ಟೋ ಜನ ಅಳಿಸಿ ನಿಶ್ಚಿಂತರಾಗಿದ್ದರು.

ನನ್ನ ತಕರಾರು ಗುಂಡಿ ಇರುವುದರ ಬಗ್ಗೆ ಅಲ್ಲ, ಅದು ಮೊದಲೇ ಒತ್ತಿರುವುದರ ಬಗ್ಗೆ. ನಮ್ಮದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಸ್ಪಷ್ಟವಾದ ಕ್ರಿಯೆಯ ಮೂಲಕ ಕೊಡಬೇಕೆನ್ನುತ್ತದೆ. ಅದನ್ನು ಕೋರುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಇರಬೇಕೆನ್ನುತ್ತದೆ. ಆ ಅನುಸೂಚಿಯಲ್ಲಿ ಕನ್ನಡವೂ ಇದೆ, ಕೊಂಕಣಿಯೂ ಇದೆ. ಆದರೆ ನಿಯಮಗಳು ಪ್ರಕಟವಾದದ್ದೇ 2025ರ ನವೆಂಬರಿನಲ್ಲಿ, ಈ ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಸುಮ್ಮನಿದ್ದುದನ್ನೇ ಒಪ್ಪಿಗೆ ಎನ್ನುವುದು ಆ ಕಾಯ್ದೆಯ ಆಶಯಕ್ಕೆ ವಿರುದ್ಧ. ಗಡುವು ಮುಗಿಯುವವರೆಗೆ ಕಾಯದೆ ಗುಂಡಿಯನ್ನು ಆರಿಸಿಟ್ಟೇ ಖಾತೆ ಕೊಡಿ ಎಂದು ನಾವು ಕೇಳಬೇಕು.

ಸಾಹಿತ್ಯದ ಗೆಳೆಯರು ಒಂದು ಮಾತು ಹೇಳುತ್ತಾರೆ: ಯಂತ್ರಗಳಿಗೆ ಕನ್ನಡ ಬರಬೇಕಾದರೆ ಯಾರಾದರೂ ಕನ್ನಡ ಕೊಡಲೇಬೇಕಲ್ಲ? ನಿಜ, ಕೊಡೋಣ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯಲ್ಲಿ 'ಭಾಷಾದಾನ' ಎಂಬ ತಾಣವೇ ಇದೆ. ಅಲ್ಲಿ ಜನ ತಿಳಿದೇ ಹೋಗಿ ವಾಕ್ಯ ಓದುತ್ತಾರೆ, ಬರೆಯುತ್ತಾರೆ. ಅದು ದಾನ. ನಿದ್ದೆಯಲ್ಲಿರುವವನ ಕಿಸೆಯಿಂದ ತೆಗೆದದ್ದನ್ನು ದಾನವೆನ್ನಲಾಗದು. ಇನ್ನು ನನ್ನ ವಿಷಯದಲ್ಲಿ ಆ ಕಿಸೆಯೂ ನನ್ನದಾಗಿರಲಿಲ್ಲ. ಖಾತೆ ನನ್ನದು, ಬೆರಳು ನನ್ನದು, ಮಾತು ಚಿಕ್ಕಮ್ಮನದು. ಅವರಿಗೆ ಯಾವ ಸೆಟ್ಟಿಂಗ್ಸಿನಲ್ಲೂ ಒಂದು ಗುಂಡಿ ಇಲ್ಲ. ಗೆಳೆಯರ ಪತ್ರ, ಅಜ್ಜಿಯ ಡೈರಿ, ಸಹಪಾಠಿಯ ಅಪ್ರಕಟಿತ ಕವಿತೆಯನ್ನು ಅಂಟಿಸುವ ನಾವೆಲ್ಲ ಇದನ್ನೇ ಮಾಡುತ್ತಿದ್ದೇವೆ. ಕಂಪನಿಯನ್ನು ಬೈಯುವ ಹಕ್ಕು ನಮಗಿರಬೇಕಾದರೆ, ಅಂಟಿಸುವ ಮುನ್ನ ಕೇಳುವ ಸೌಜನ್ಯ ನಮಗೂ ಇರಬೇಕು.

ಕತೆ ನಿಂತಿದೆ. ಪತ್ರದ ಕಟ್ಟನ್ನು ಚಿಕ್ಕಮ್ಮನಿಗೇ ಒಪ್ಪಿಸಲು ಹೋದೆ. ನೀನೇ ಇಟ್ಟುಕೋ, ಆದರೆ ಓದುವುದು ನೀನೊಬ್ಬನೇ ಎಂದರು.