3 ವರ್ಷದ ಕೆಲಸ, 13 ವರ್ಷದ ಇಂಜಿನಿಯರು

ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಒಂದು ಚಾಳಿ ಹತ್ತಿಕೊಂಡಿದೆ. ಯಾರೋ ರಿಕ್ರೂಟರ್ ತಮ್ಮ ಅನುಭವಕ್ಕಿಂತ ತೀರಾ ಕೆಳಗಿನ ಕೆಲಸ ಹಿಡಕೊಂಡು ಬಂದರೆ ಸಾಕು, ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಲಿಂಕ್ಡ್‌ಇನ್‌ನಲ್ಲಿ ಹಾಕಿ "ಪ್ರೊಫೈಲ್ ಓದೋಕೂ ಬರಲ್ವಾ ಇವರಿಗೆ?" ಅಂತ ಛೀಮಾರಿ ಹಾಕೋದು. ಕೆಳಗೆ ಲೈಕುಗಳ ಸುರಿಮಳೆ. ಅಲ್ಲಾ ಸ್ವಾಮಿ, ಆ ಹುಡುಗಿ ನಿಮಗೆ ಅವಮಾನ ಮಾಡೋಕೆ ಅಂತ ಬೆಳಗ್ಗೆ ಎದ್ದು ಬಂದಿದ್ದಾಳಾ?

ಅವಳ ಕೆಲಸ ಹೇಗೆ ನಡೆಯುತ್ತೆ ನೋಡಿ. ಕನ್ಸಲ್ಟೆನ್ಸಿಯಲ್ಲಿ ಕೂತು ನೌಕ್ರಿಯಲ್ಲಿ ಜಾವಾ, ಸ್ಪ್ರಿಂಗ್ ಬೂಟ್, ಬೆಂಗಳೂರು ಅಂತ ಹುಡುಕುತ್ತಾಳೆ. ಕನಿಷ್ಠ ಅನುಭವ 3 ಅಂತ ಹಾಕಿ ಗರಿಷ್ಠದ ಜಾಗ ಖಾಲಿ ಬಿಟ್ಟರೆ 13 ವರ್ಷದವನೂ ಆ ಪಟ್ಟಿಯಲ್ಲಿ ಬರುತ್ತಾನೆ. ಸಂಜೆಯೊಳಗೆ ಇಷ್ಟು ರೆಸ್ಯೂಮು ಕಳಿಸಲೇಬೇಕು ಅಂತ ಮೇಲಿನಿಂದ ಒತ್ತಡ. ದುಡ್ಡು ಹುಟ್ಟೋದು ಯಾರಾದರೂ ಕೆಲಸಕ್ಕೆ ಸೇರಿದ ಮೇಲಷ್ಟೇ. ರೂಢಿಯಲ್ಲಿರುವ ದರ ವರ್ಷದ ಸಂಬಳದ 8.33 ಪರ್ಸೆಂಟು, ಅಂದರೆ ಒಂದು ತಿಂಗಳ ಸಂಬಳ. ನಮ್ಮೂರ ದನದ ಜಾತ್ರೆಯ ದಳ್ಳಾಳಿಯದೂ ಇದೇ ಲೆಕ್ಕ: ವ್ಯಾಪಾರ ಕುದುರಿದರೆ ಕಾಸು, ಇಲ್ಲದಿದ್ದರೆ ಬಿಸಿಲಲ್ಲಿ ತಿರುಗಿದ್ದೇ ಬಂತು. ಅವನು ತಪ್ಪು ಜೋಡಿ ಹೊಡಕೊಂಡು ಬಂದಾಗ ನಮ್ಮಪ್ಪ ಜಗಳಕ್ಕೆ ಹೋಗುತ್ತಿರಲಿಲ್ಲ. ಎಂಥ ಜೋಡಿ ಬೇಕು ಅಂತ ಹೇಳಿ ಕಳಿಸುತ್ತಿದ್ದರು.

ಇನ್ನೊಂದು ಜಾತಿಯವರಿದ್ದಾರೆ, ನನಗೆ ಇವರ ಮೇಲೇ ಸಿಟ್ಟು ಜಾಸ್ತಿ. ಹೆಚ್ಚಿನವರು ನನ್ನ ಹಾಗೇ ಹಳ್ಳಿಯಿಂದ ಬಂದವರು. ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ. "ನೋಡೋಣ ಮೇಡಂ, ಸಂಬಳ ಚೆನ್ನಾಗಿದ್ರೆ ಯೋಚನೆ ಮಾಡ್ತೀನಿ" ಅಂತಾರೆ. ಬಾಗಿಲು ತೆಗೆದಿಟ್ಟೆ ಅಂತ ಅವರ ಎಣಿಕೆ. ಆ ಕಡೆ ಏನಾಗುತ್ತೆ ಗೊತ್ತಾ? ಅವಳು ಅದನ್ನು ಒಪ್ಪಿಗೆ ಅಂದುಕೊಂಡು ರೆಸ್ಯೂಮನ್ನು ಕಂಪನಿಗೆ ದಾಟಿಸುತ್ತಾಳೆ. ಕಂಪನಿಯ ಸಿಸ್ಟಮ್‌ನಲ್ಲಿ ನಿಮ್ಮ ಹೆಸರು 3 ವರ್ಷದ ಹುದ್ದೆಯ ಎದುರಿಗೆ ಕೂರುತ್ತೆ. ಅಷ್ಟೇ ಅಲ್ಲ, ಎಷ್ಟೋ ಕಂಪನಿಗಳಲ್ಲಿ ಮೊದಲು ಕಳಿಸಿದ ಕನ್ಸಲ್ಟೆನ್ಸಿಗೇ ಆ ಅಭ್ಯರ್ಥಿಯ ಹಕ್ಕು, ಸಾಮಾನ್ಯವಾಗಿ ಆರು ತಿಂಗಳೋ ವರ್ಷವೋ. ಈ ನಡುವೆ ಅದೇ ಕಂಪನಿಯಲ್ಲಿರುವ ಗೆಳೆಯ ನಿಮ್ಮನ್ನು ದೊಡ್ಡ ಹುದ್ದೆಗೆ ರೆಫರ್ ಮಾಡಿದರೆ "ಡೂಪ್ಲಿಕೇಟ್" ಅಂತ ವಾಪಸ್ ಬರಬಹುದು. ನಿಮ್ಮ ಮರ್ಯಾದೆಯ ಮಾತೇ ನಿಮಗೆ ಅಡ್ಡ ಮಲಗಿತು!

ಹಾಗಾಗಿ ಬಾಗಿಲು ತೆರೆದಿರಬೇಕಾದ್ದು ಆ ವ್ಯಕ್ತಿಗೆ, ಆ ಹುದ್ದೆಗಲ್ಲ. ಕಳೆದ ವರ್ಷ ನನಗೊಂದು ಬಂತು: 3ರಿಂದ 5 ವರ್ಷ ಅನುಭವದ ಜಾವಾ ಡೆವಲಪರ್, ವೆಂಡರ್ ಪೇರೋಲು, ವರ್ಷಕ್ಕೆ 12 ಲಕ್ಷ. ನಾನು ಪೇಮೆಂಟ್ಸ್ ಟೀಮುಗಳ ಡಿಸೈನು ನೋಡಿಕೊಳ್ಳುವವನು. ಬರೆದದ್ದು ಇಷ್ಟು:

"ನೆನಪಿಸಿಕೊಂಡಿದ್ದಕ್ಕೆ ಥ್ಯಾಂಕ್ಸ್. ಈ ಹುದ್ದೆ 3-5 ವರ್ಷದವರಿಗೆ. ನನಗೆ 13 ವರ್ಷ, ಈಗ ಮೂರು ಟೀಮುಗಳ ಡಿಸೈನ್ ಹೊಣೆ ನನ್ನದು. ಹಾಗಾಗಿ ಇದು ನನಗೆ ಹೊಂದುವುದಿಲ್ಲ, ದಯವಿಟ್ಟು ಇದಕ್ಕೆ ನನ್ನ ರೆಸ್ಯೂಮು ಕಳಿಸಬೇಡಿ. ಪೇಮೆಂಟ್ಸ್ ಅಥವಾ ಬ್ಯಾಂಕಿಂಗ್‌ನಲ್ಲಿ ಪ್ರಿನ್ಸಿಪಲ್ ಇಂಜಿನಿಯರ್, ಆರ್ಕಿಟೆಕ್ಟ್ ಹುದ್ದೆ ಬಂದರೆ ಖಂಡಿತ ತಿಳಿಸಿ, ಬೆಂಗಳೂರಾದರೆ ಒಳ್ಳೆಯದು. ನನ್ನ ನೋಟಿಸ್ ಪೀರಿಯಡ್ 90 ದಿನ."

ಇದರಲ್ಲಿ "ನನ್ನ ಲೆವೆಲ್ಲಿಗೆ ಇದು ಕಮ್ಮಿ" ಅನ್ನೋ ಮಾತಿಲ್ಲ, ಗಮನಿಸಿ. ವರ್ಷ, ಹೊಣೆ, ಹುದ್ದೆಯ ಹೆಸರು ಇವೆ. ಅವಳು ಮುಂದಿನ ಸಲ ಹುಡುಕೋದು ಇವನ್ನೇ ಟೈಪ್ ಮಾಡಿ. ಈಗಿನ ಸಂಬಳ ಬರೆದಿಲ್ಲ. ದನದ ಜಾತ್ರೆಯಲ್ಲಿ ದರವನ್ನು ಟವೆಲ್ಲಿನಡಿ ಬೆರಳು ಹಿಡಿದೇ ಮಾತಾಡೋದು, ಅದೂ ಹಲ್ಲು ನೋಡಿದ ಮೇಲೆ. ಪರಿಚಯದ ಜೂನಿಯರ್ ಹುಡುಗರ ನಂಬರನ್ನೂ ಕೊಡಲಿಲ್ಲ. ಹುದ್ದೆಯ ವಿವರವನ್ನು ನಾನೇ ಇಬ್ಬರಿಗೆ ದಾಟಿಸಿದೆ, ಬೇಕಾದವನು ಅವನೇ ಮಾತಾಡಿಕೊಂಡ.

ಒಂದು ಎಚ್ಚರಿಕೆ ಮಾತ್ರ. ಹುದ್ದೆಯ ಹೆಸರು ನೋಡಿಯೇ ಕೆಳಗಿನದು ಅಂತ ತೀರ್ಮಾನಿಸಬೇಡಿ. ಸರ್ವಿಸ್ ಕಂಪನಿಯ "ಟೆಕ್ ಲೀಡ್" ದೊಡ್ಡ ಪ್ರಾಡಕ್ಟ್ ಕಂಪನಿಯಲ್ಲಿ ಬರೀ "ಸೀನಿಯರ್ ಇಂಜಿನಿಯರ್" ಆಗಿರಬಹುದು, ಸಂಬಳ ಮಾತ್ರ ಅಲ್ಲೇ ಜಾಸ್ತಿ. ಅನುಮಾನವಿದ್ದರೆ "ಎಷ್ಟು ವರ್ಷದವರು ಬೇಕು, ಬಜೆಟ್ ಎಷ್ಟು?" ಅಂತ ಮೊದಲು ಕೇಳಿ. ಇನ್ನು "ಡಿಯರ್ ಕ್ಯಾಂಡಿಡೇಟ್" ಅಂತ ಶುರುವಾಗಿ, ಕೆಲಸದ ವಿವರ ಕೊಡದೆ ಪ್ಯಾನ್ ನಂಬರು, ಹುಟ್ಟಿದ ದಿನಾಂಕ ಕೇಳುವ ಮೇಲುಗಳಿಗೆ ಈ ಉಪಚಾರ ಯಾವುದೂ ಬೇಡ. ಡಿಲೀಟ್.

ನಾಲ್ಕು ತಿಂಗಳ ಮೇಲೆ ಅದೇ ಹುಡುಗಿ ಬೇರೆ ಕನ್ಸಲ್ಟೆನ್ಸಿಯಿಂದ ಫೋನ್ ಮಾಡಿದಳು. "ಸರ್, ಆರ್ಕಿಟೆಕ್ಟ್ ಹುದ್ದೆ, ಪೇಮೆಂಟ್ಸ್, ಆದ್ರೆ ಹೈದರಾಬಾದು." ಮಕ್ಕಳ ಸ್ಕೂಲು ಬಿಟ್ಟು ಹೋಗೋಕಾಗಲ್ಲ ಅಂದೆ. "ಸರಿ ಸರ್, ಬೆಂಗಳೂರಿಂದೇ ಬಂದ್ರೆ ಹೇಳ್ತೀನಿ" ಅಂದಳು. ಆ ಹುದ್ದೆಗೆ ಈಗ ಮಾರ್ಕೆಟ್ಟು ಎಷ್ಟು ಕೊಡುತ್ತೆ ಅನ್ನೋದನ್ನೂ ಕೇಳದೇ ಹೇಳಿದಳು.